ಫೆಬ್ರವರಿ 21, ಧಾರವಾಡದ ಉತ್ಸವಕ್ಕೆ ಬೇಕಾದ ಮೈಕು ಮತ್ತು ಬ್ಯಾಕ್‌ಲೈನ್

ನಮಸ್ಕಾರ ಅಣ್ಣಾವ್ರೆ,

ಫೋನಿನಲ್ಲಿ ಹೇಳಿದ್ದೆನಲ್ಲ, ಶನಿವಾರ 21ನೇ ತಾರೀಖು ಕಲಾಭವನ ಮೈದಾನದ ಉತ್ಸವದಲ್ಲಿ ನಮ್ಮ ಕಾರ್ಯಕ್ರಮ ಇದೆ. ರಾತ್ರಿ 8ಕ್ಕೆ ಶುರು, ಒಂದು ಗಂಟೆ. ಸ್ಪೀಕರ್, ಮಿಕ್ಸರ್, ಮಾನಿಟರ್ ಆಯೋಜಕರೇ ಹಾಕಿಸುತ್ತಾರೆ. ಮೈಕು, ಸ್ಟ್ಯಾಂಡು, ಡಿಐ ಬಾಕ್ಸು, ಕೇಬಲ್ಲು ಮತ್ತು ಬ್ಯಾಕ್‌ಲೈನ್ ನಿಮ್ಮಿಂದ ಬೇಕು.

ಏಕತಾರಿಯಿಂದ ಶುರು ಮಾಡುತ್ತೇನೆ, ನಮಗೆ ಜಾಸ್ತಿ ಚಿಂತೆ ಅದರದ್ದೇ. ತತ್ವಪದ ಹಾಡುವ ಅಜ್ಜಾರು ಕೆಳಗೆ ಕೂತು ಏಕತಾರಿ ಮೀಟುತ್ತಾ ಹಾಡುತ್ತಾರೆ. ಹೋದ ಸಲ ಬೇರೆ ಕಡೆಯಿಂದ ಸಾಮಾನು ತರಿಸಿದ್ದೆವು. ಸ್ಟ್ಯಾಂಡಿನ ತಿರುಪು ಸವೆದಿತ್ತು. ಹಾಡು ನಡೆಯುತ್ತಿದ್ದಂತೆ ಬೂಮ್ ಮೆಲ್ಲಗೆ ಕೆಳಗಿಳಿಯಿತು. ಅಜ್ಜಾರೂ ಅದರ ಹಿಂದೆಯೇ ಬಗ್ಗುತ್ತಾ ಹೋದರು. ಮೂರನೇ ನುಡಿಗೆ ಬರುವಷ್ಟರಲ್ಲಿ ಅವರ ಗದ್ದ ಏಕತಾರಿಯ ಬುರುಡೆಗೆ ತಾಗುತ್ತಿತ್ತು. ಎಪ್ಪತ್ತು ದಾಟಿದವರು, ಒಂದು ಮಾತೂ ಆಡಲಿಲ್ಲ. ನಮಗೆ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದಕ್ಕೆ ಅವರಿಗೆ ಕೊಡುವ ಎರಡು ಗಿಡ್ಡ ಬೂಮ್ ಸ್ಟ್ಯಾಂಡು ಗಟ್ಟಿ ಇರಲಿ, ಗೋಡೌನಿನಲ್ಲೇ ಮೈಕು ಸಿಕ್ಕಿಸಿ ಹತ್ತು ನಿಮಿಷ ಬಿಟ್ಟು ನೋಡಿ. ಒಂದಕ್ಕೆ ಹಾಡಲು ಶೂರ್ ಎಸ್‌ಎಂ 58, ಇನ್ನೊಂದಕ್ಕೆ ಬುರುಡೆಯ ಹತ್ತಿರ ಸಣ್ಣ ಕಂಡೆನ್ಸರ್. ಪಿಕಪ್ ನಮ್ಮದೇ ಇದೆ. ಪೀಝೋ ಆದ್ದರಿಂದ ಅದಕ್ಕೆ ಆ್ಯಕ್ಟಿವ್ ಡಿಐ ಬೇಕು, ಪ್ಯಾಸಿವ್‌ಗೆ ಹಾಕಿದರೆ ತಂತಿಯ ದನಿ ತೆಳ್ಳಗಾಗುತ್ತದೆ.

ಡೊಳ್ಳು ಎರಡು. ಈ ಸಲ ಹುಡುಗರು ಕುಣಿಯುವುದಿಲ್ಲ, ನಿಂತೇ ಬಾರಿಸುತ್ತಾರೆ. ಒಂದೇ ಮೈಕು ಮುಂದೆ ಇಟ್ಟರೆ ಸುಮ್ನೆ ಗದ್ದಲ ಕೇಳುತ್ತದೆ. ಪ್ರತಿ ಡೊಳ್ಳಿಗೂ ಕೋಲಿನ ಕಡೆ ಎಸ್‌ಎಂ 57, ಕೈ ಕಡೆ ಬೀಟಾ 52ಎ ಬೇಕು. ನಮ್ಮ ಡೊಳ್ಳುಗಳಲ್ಲಿ ಕೈ ಕಡೆಯ ದನಿ ದಪ್ಪ, ಅದು ಎದೆಗೆ ತಾಗಬೇಕು. 52ಎ ಮೂರು ಇಲ್ಲದಿದ್ದರೆ ಎಕೆಜಿ ಡಿ 112 ಅಥವಾ ಆಡಿಕ್ಸ್ ಡಿ 6 ಕೊಟ್ಟರೂ ನಡೆಯುತ್ತದೆ.

ಉಳಿದದ್ದು ನಿಮಗೆ ಗೊತ್ತಿರುವುದೇ. ನಿಂತು ಹಾಡುವವರು ಮೂವರು, ಮೂರು ಎಸ್‌ಎಂ 58. ಡ್ರಮ್ಸಿನಲ್ಲಿ ಕಿಕ್‌ಗೆ 52ಎ, ಸ್ನೇರ್‌ಗೆ 57, ಎರಡು ಟಾಮ್‌ಗೆ ಸೆನ್‌ಹೈಸರ್ ಇ 604, ಮೇಲೆ ಒಂದು ಜೋಡಿ ಕಂಡೆನ್ಸರ್. ಗಿಟಾರ್ ಆಂಪ್‌ಗೆ ಒಂದು 57, ಹಾರ್ಮೋನಿಯಂಗೆ ಒಂದು 57. ಕೀಬೋರ್ಡಿಗೆ ಎರಡು ಡಿಐ, ಬೇಸ್‌ಗೆ ಒಂದು.

ಗೋಡೌನ್ ಹುಡುಗರು ಎಣಿಸಿಕೊಳ್ಳಲಿ ಅಂತ ಒಟ್ಟು ಲೆಕ್ಕ:

ಎಸ್‌ಎಂ 58 – 4, ಸ್ಪೇರ್ 1
ಎಸ್‌ಎಂ 57 – 5, ಸ್ಪೇರ್ 1
ಬೀಟಾ 52ಎ – 3
ಇ 604 – 2, ಕ್ಲಿಪ್ ಸಮೇತ
ಸಣ್ಣ ಕಂಡೆನ್ಸರ್ – 3
ಡಿಐ – 4 (ಒಂದಾದರೂ ಆ್ಯಕ್ಟಿವ್)
ಉದ್ದ ಬೂಮ್ – 9, ಗಿಡ್ಡ ಬೂಮ್ – 6
ಎಕ್ಸ್‌ಎಲ್‌ಆರ್ ಕೇಬಲ್ – 25

ಚಾನೆಲ್ 21 ಆಗುತ್ತದೆ. ಕಂಡೆನ್ಸರ್‌ಗೂ ಆ್ಯಕ್ಟಿವ್ ಡಿಐಗೂ 48 ವೋಲ್ಟ್ ಬೇಕೆಂದು ಆಯೋಜಕರ ಸೌಂಡಿನವರಿಗೆ ನಾವೇ ಹೇಳಿದ್ದೇವೆ.

ಬ್ಯಾಕ್‌ಲೈನಿಗೆ ಬಂದರೆ, ಡ್ರಮ್ ಕಿಟ್ ಯಮಹಾ ಸ್ಟೇಜ್ ಕಸ್ಟಮ್ ಇದ್ದರೆ ಬಹಳ ಒಳ್ಳೆಯದು. 22ರ ಕಿಕ್, 12 ಮತ್ತು 16ರ ಟಾಮ್, 14ರ ಸ್ನೇರ್, ಹೈಹ್ಯಾಟ್ ಸ್ಟ್ಯಾಂಡು, ಎರಡು ಸಿಂಬಲ್ ಸ್ಟ್ಯಾಂಡು, ಸ್ಟೂಲು. ಸಿಂಬಲ್, ಪೆಡಲ್ ನಮ್ಮವನು ತರುತ್ತಾನೆ. ಸ್ನೇರಿನ ಮೇಲಿನ ಹೆಡ್ ಹೊಸದಿರಲಿ. ಕಿಟ್ ಕೆಳಗೆ ಜಮಖಾನ ಮರೆಯಬೇಡಿ, ಇಲ್ಲದಿದ್ದರೆ ಕಿಕ್ ಮುಂದಕ್ಕೆ ಜಾರುತ್ತದೆ. ಗಿಟಾರ್‌ಗೆ ರೋಲ್ಯಾಂಡ್ ಜೆಸಿ 120, ಸಿಗದಿದ್ದರೆ ಫೆಂಡರ್ ಟ್ವಿನ್. ಬೇಸ್‌ಗೆ ಆಂಪೆಗ್ ಹೆಡ್, ನಾಲ್ಕು ಹತ್ತಿಂಚಿನ ಕ್ಯಾಬಿನೆಟ್ ಸಾಕು. ಕೀಬೋರ್ಡ್ ನಮ್ಮದು, ಅದಕ್ಕೆ ಡಬಲ್ ಎಕ್ಸ್ ಸ್ಟ್ಯಾಂಡು ಬೇಕು. ಎಕ್ಸ್‌ಟೆನ್ಷನ್ ಬೋರ್ಡು ಮೂರು, ಮೂರನೇ ಪಿನ್ನಿಗೆ ನಿಜವಾಗಿ ಅರ್ಥಿಂಗ್ ಇರುವಂಥವು. ಕರೆಂಟು ಜನರೇಟರಿನದು, ಅರ್ಥಿಂಗ್ ತಪ್ಪಿದರೆ ಬೇಸ್ ಪೂರ್ತಿ ಗುಂಯ್ ಅನ್ನುತ್ತದೆ, ಮೈಕಿಗೆ ತುಟಿ ತಾಗಿದರೆ ಶಾಕ್ ಹೊಡೆಯುತ್ತದೆ.

ಸೌಂಡ್ ಚೆಕ್ 3ಕ್ಕೆ. ಗಾಡಿ ಹುಬ್ಬಳ್ಳಿ ಬಿಡುವುದು 11ಕ್ಕೆ ಆದರೆ ಆರಾಮ, 1ಕ್ಕೆ ಸ್ಟೇಜಿನ ಹಿಂದೆ ಇರಬೇಕು. ಇಳಿಸಲು ನಮ್ಮ ನಾಲ್ಕು ಜನ ಇರುತ್ತಾರೆ. ನಿಮ್ಮ ಒಬ್ಬ ಹುಡುಗ ರಾತ್ರಿ ಮುಗಿಯುವ ತನಕ ಇರಲಿ, ಅವನ ಊಟ ನಮ್ಮ ಜೊತೆಗೇ.

ಒಂದೇ ಕೋರಿಕೆ ಅಣ್ಣಾವ್ರೆ. ಯಾವುದಾದರೂ ಇಲ್ಲದಿದ್ದರೆ ಬೇರೆಯದನ್ನು ಹಾಕಿ ಕಳಿಸುವ ಮೊದಲು ಒಂದು ಫೋನ್ ಮಾಡಿ. ಮುಂಚೆ ಗೊತ್ತಾದರೆ ನಾವು ಗದಗಿನ ಗೆಳೆಯರ ಹತ್ತಿರ ಕೇಳಿಕೊಳ್ಳಬಹುದು, ಸ್ಟೇಜಿನ ಮೇಲೆ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ. ಬಾಡಿಗೆ, ಗಾಡಿ ಖರ್ಚು, ಜಿಎಸ್‌ಟಿ ಸೇರಿಸಿ ಬುಧವಾರದೊಳಗೆ ರೇಟ್ ಕಳಿಸಿದರೆ ಅವತ್ತೇ ಅರ್ಧ ಮುಂಗಡ ಹಾಕುತ್ತೇವೆ. ಸ್ಟೇಜ್ ಪ್ಲಾನಿನ ಫೋಟೋ ಇದರ ಹಿಂದೆಯೇ ಕಳಿಸುತ್ತೇನೆ.

ತಂಡದ ಪರವಾಗಿ,
ನಿಮ್ಮ ಬೇಸ್ ಗಿಟಾರಿನ ತಮ್ಮ