16 ಲೀಟರ್ ಬ್ಯಾಟರಿ ಪಂಪ್: ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ
ಮಾರಾಟ ತಂಡಕ್ಕೆ ಸ್ಲೈಡ್‌ಗಳು – ಕಲಬುರಗಿ, ಬೀದರ್, ಯಾದಗಿರಿ

ಸ್ಲೈಡ್ 1: ಒಂದೇ ಮಾತು ನೆನಪಿಡಿ

ಹೊಸ ಪಂಪಿನಲ್ಲಿ ಮೊದಲ ಟ್ಯಾಂಕ್ ಎಣ್ಣಿ ಹೇಗೆ ಬೀಳುತ್ತದೋ ಕೊನೆಯ ಟ್ಯಾಂಕೂ ಹಾಗೇ ಬೀಳುತ್ತದೆ.

ಅಂಗಡಿಯಲ್ಲಿ ಬಣ್ಣ, ಬೆಲ್ಟು, ಮೀಟರ್ ತೋರಿಸುವ ಮೊದಲು ಇದನ್ನು ಹೇಳಿ. ಉಳಿದ ಬದಲಾವಣೆಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟಿದವು.

ಸ್ಲೈಡ್ 2: ಅಂಕಿಗಳು

| | ಹಳೆಯದು | ಹೊಸದು |
|---|---|---|
| ಬ್ಯಾಟರಿ | ಲೆಡ್ ಆಸಿಡ್, 12 ವೋಲ್ಟ್ 8 ಎಎಚ್ | ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್ 12 ಎಎಚ್ |
| ಒಂದು ಚಾರ್ಜಿಗೆ | ಸುಮಾರು 12 ಟ್ಯಾಂಕ್ | ಸುಮಾರು 26 ಟ್ಯಾಂಕ್ |
| ಚಾರ್ಜ್ ಆಗಲು | 9–10 ತಾಸು | 6–7 ತಾಸು |
| ಖಾಲಿ ತೂಕ | 6.4 ಕೆಜಿ | 5.3 ಕೆಜಿ |
| ಲ್ಯಾನ್ಸ್ | ಪ್ಲಾಸ್ಟಿಕ್ | ಸ್ಟೀಲ್ |
| ನಾಝಲ್ | 1 | 3 |
| ವೇಗದ ಗುಬ್ಬಿ | ಇಲ್ಲ | ಇದೆ |
| ತಳದ ಬಿರಡೆ | ಇಲ್ಲ | ಇದೆ |
| ಬ್ಯಾಟರಿ ವಾರಂಟಿ | 6 ತಿಂಗಳು | 12 ತಿಂಗಳು |
| ಬೆಲೆ | ₹3,200 | ₹4,450 |

ಟ್ಯಾಂಕ್ ಲೆಕ್ಕ ಒಂದೇ ಟೊಳ್ಳು ಕೋನ್ ನಾಝಲ್ ಹಾಕಿ, ನಿಮಿಷಕ್ಕೆ 1.6 ಲೀಟರ್ ಹರಿವಿನಲ್ಲಿ ಅಳೆದದ್ದು. ಎರಡು ನಾಝಲ್ ಜೋಡಿಸುವ ರೈತನಿಗೆ 26 ಎಂದು ಹೇಳಬೇಡಿ.

ಸ್ಲೈಡ್ 3: 12 ಟ್ಯಾಂಕ್ ಎಂದರೆ ಹೊಲದಲ್ಲಿ ಎಷ್ಟು?

ಎತ್ತರ ಬೆಳೆದ ತೊಗರಿಗೆ ಎಕರೆಗೆ 200 ಲೀಟರ್ ನೀರು ಹಿಡಿಯಿರಿ. 200 ÷ 16 = 12.5 ಟ್ಯಾಂಕ್.

ಹಳೆ ಪಂಪು ಒಂದು ಎಕರೆ ಮುಗಿಸುವ ಹೊತ್ತಿಗೆ ಕೈಕೊಡುತ್ತದೆ. ಹೊಸದು ಎರಡು ಎಕರೆ ಮುಗಿಸುತ್ತದೆ. ಹೂವು-ಕಾಯಿ ಹೊತ್ತಿನಲ್ಲಿ ಕಾಯಿಕೊರಕ ಬಿದ್ದಾಗ ರೈತನಿಗೆ ಬೇಕಾದದ್ದು ಈ ಎರಡನೇ ಎಕರೆ. ನಾಳೆ ಹೊಡೆದರಾಯಿತು ಎಂದರೆ ಹುಳ ಅಷ್ಟರಲ್ಲಿ ಕಾಯಿಯೊಳಗೆ ಹೋಗಿರುತ್ತದೆ, ಆಮೇಲೆ ಎಣ್ಣಿ ತಾಕುವುದಿಲ್ಲ.

ಸ್ಲೈಡ್ 4: ಒತ್ತಡ ಏಕೆ ಇಳಿಯುತ್ತಿತ್ತು

ಲೆಡ್ ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ವೋಲ್ಟೇಜ್ ಮೆಲ್ಲಗೆ ಇಳಿಯುತ್ತದೆ, ಅದರ ಜೊತೆ ಮೋಟಾರಿನ ವೇಗವೂ ಇಳಿಯುತ್ತದೆ. ನಮ್ಮ ಅಳತೆಯಲ್ಲಿ ಮೊದಲ ಟ್ಯಾಂಕಿಗೆ ನಿಮಿಷಕ್ಕೆ 1.6 ಲೀಟರ್ ಬಂದದ್ದು 12ನೇ ಟ್ಯಾಂಕಿಗೆ 1.2 ಲೀಟರ್. ಹನಿ ದಪ್ಪವಾಗಿ ಎಲೆಯಿಂದ ಜಾರುತ್ತದೆ. ರೈತ ನಡೆಯುವ ವೇಗ ಮಾತ್ರ ಅದೇ. ಹೀಗಾಗಿ ಹೊಲದ ಒಂದು ಬದಿಗೆ ಎಣ್ಣಿ ಪೂರ್ತಿ, ಇನ್ನೊಂದು ಬದಿಗೆ ಮುಕ್ಕಾಲು. "ಎಣ್ಣಿ ನಕಲಿ ಅದ" ಎಂದು ಅಂಗಡಿಯವರ ಮೇಲೆ ಬರುವ ಜಗಳಗಳಲ್ಲಿ ಇದೂ ಒಂದು ಕಾರಣ. ಡೀಲರಿಗೆ ಇದನ್ನು ಬಿಡಿಸಿ ಹೇಳಿ, ಅವರಿಗೇ ಉಪಯೋಗ.

ಲಿಥಿಯಂನಲ್ಲಿ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಕಡಿಮೆ ಸಮನಾಗಿರುತ್ತದೆ. ಆಮೇಲೆ ಒಮ್ಮೆಲೇ ಬಂದ್.

ಸ್ಲೈಡ್ 5: "ಒಮ್ಮೆಲೇ ಬಂದ್" – ಮೊದಲ ದೂರು ಇದೇ ಬರುತ್ತದೆ

"ಛಲೋ ನಡೀತಿತ್ತ್ರಿ, ನಡುವ ಹೊಲದಾಗ ಗಪ್ಪನೆ ನಿಂತದ" ಎಂದು ಫೋನ್ ಬರುತ್ತದೆ. ಪಂಪು ಕೆಟ್ಟಿಲ್ಲ. ಬ್ಯಾಟರಿ ಪೂರ್ತಿ ಬರಿದಾಗಿ ಹಾಳಾಗದಂತೆ ಒಳಗಿನ ರಕ್ಷಣಾ ಸರ್ಕ್ಯೂಟ್ ಕಡಿತ ಮಾಡಿದೆ. ಚಾರ್ಜರ್ ಜೋಡಿಸಿದರೆ ಮತ್ತೆ ಏಳುತ್ತದೆ.

ಮಾರುವಾಗಲೇ ಮೀಟರ್ ಓದುವುದನ್ನು ಕಲಿಸಿ:
- ಪಂಪು ಓಡುತ್ತಿರುವಾಗ 13ರ ಆಸುಪಾಸು: ಚಿಂತೆಯಿಲ್ಲ.
- 12.4ಕ್ಕಿಂತ ಕೆಳಗೆ: ಒಂದೆರಡು ಟ್ಯಾಂಕ್ ಮಾತ್ರ ಉಳಿದಿದೆ, ಹೊಸದಾಗಿ ಎಣ್ಣಿ ಕಲಸುವ ಮುಂಚೆ ಯೋಚಿಸಿ.

ಅಂಕಿ ಬಹಳ ಹೊತ್ತು ಅಲ್ಲಾಡದೆ ಇರುವುದು ಈ ಬ್ಯಾಟರಿಯ ಗುಣ. "ಮೀಟರ್ ಕೆಟ್ಟಿದೆ" ಎಂದು ವಾಪಸ್ ತೆಗೆದುಕೊಳ್ಳಬೇಡಿ.

ಸ್ಲೈಡ್ 6: ಚಾರ್ಜರ್

"ಹಳೀ ಚಾರ್ಜರ್ ನಡೀತದೇನ್ರಿ?" – ಇಲ್ಲ. ಹೊಸ ಬ್ಯಾಟರಿಗೆ 14.6 ವೋಲ್ಟ್, 2 ಆಂಪ್ ಚಾರ್ಜರೇ ಬೇಕು. ಹಳೆಯದು ಕೂಡಬಾರದೆಂದೇ ಪಿನ್ ಬದಲಿಸಿದ್ದೇವೆ. ವೈರು ಕತ್ತರಿಸಿ ಜೋಡಿಸಿದ್ದು ಕಂಡರೆ ವಾರಂಟಿ ಇಲ್ಲ. ಬಿಲ್ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಿ. ಕೆಂಪು ದೀಪ ಹಸಿರಾದರೆ ಚಾರ್ಜ್ ಮುಗಿದಂತೆ.

ಸ್ಲೈಡ್ 7: ಸುಗ್ಗಿ ಮುಗಿದ ಮೇಲೆ

ಹಳೆ ಬ್ಯಾಟರಿಗಳು ಹೊಲದಲ್ಲಿ ಸತ್ತದ್ದಕ್ಕಿಂತ ಅಟ್ಟದ ಮೇಲೆ ಸತ್ತದ್ದು ಹೆಚ್ಚು. ತೊಗರಿ ರಾಶಿಯಾದ ಮೇಲೆ ಜನವರಿಯಲ್ಲಿ ಎತ್ತಿಟ್ಟ ಪಂಪನ್ನು ಜೂನಿನಲ್ಲಿ ಇಳಿಸುತ್ತಾರೆ. ಲೆಡ್ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡದಿದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ತುಂಬುವುದಿಲ್ಲ.

ಹೊಸದನ್ನು ಅರ್ಧ ಚಾರ್ಜಿನಲ್ಲಿ, ಮುಖ್ಯ ಸ್ವಿಚ್ ಆರಿಸಿ ಇಡಬೇಕು. ಮೂರು ತಿಂಗಳಿಗೊಮ್ಮೆ ಎರಡು ತಾಸು ಚಾರ್ಜ್ ಸಾಕು. ತಗಡಿನ ಶೆಡ್ ಬೇಡ: ನಮ್ಮ ಕಡೆಯ ಮೇ ತಿಂಗಳ ಬಿಸಿ ಲಿಥಿಯಂ ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ಮನೆಯೊಳಗೆ, ತಂಪಿನ ಮೂಲೆಯಲ್ಲಿರಲಿ.

ಸ್ಲೈಡ್ 8: ಗುಬ್ಬಿ ಮತ್ತು ನಾಝಲ್

ಕೀಟ, ರೋಗಕ್ಕೆ: ಟೊಳ್ಳು ಕೋನ್, ಗುಬ್ಬಿ ಪೂರ್ತಿ.
ಕಸದ ಎಣ್ಣಿಗೆ: ಚಪ್ಪಟೆ ಬೀಸಣಿಗೆ ನಾಝಲ್, ಗುಬ್ಬಿ ಅರ್ಧ.

ಕಸದ ಎಣ್ಣಿಯನ್ನು ಪೂರ್ತಿ ವೇಗದಲ್ಲಿ ಹೊಡೆದರೆ ಹನಿ ಮಂಜಾಗಿ ಗಾಳಿಗೆ ಹಾರಿ ಪಕ್ಕದ ಹೊಲಕ್ಕೆ ಬೀಳುತ್ತದೆ. ಜೇವರ್ಗಿ, ಶಹಾಪುರದ ಹತ್ತಿ ಹೊಲಗಳ ಕಡೆ ಇದನ್ನು ಒತ್ತಿ ಹೇಳಿ. 2,4-ಡಿ ಸ್ವಲ್ಪ ತಾಕಿದರೂ ಹತ್ತಿ ಎಲೆ ಮುದುಡುತ್ತದೆ, ತೊಗರಿಯೂ ತಾಳುವುದಿಲ್ಲ. ತಳದ ಬಿರಡೆ ಇಟ್ಟಿರುವುದೂ ಇದಕ್ಕೇ: ಹಳೆ ಟ್ಯಾಂಕಿನ ತಳದಲ್ಲಿ ಒಂದಷ್ಟು ಎಣ್ಣಿ ಉಳಿಯುತ್ತಿತ್ತು. ಈಗ ಬಿರಡೆ ತೆಗೆದು ಬರಿದು ಮಾಡಿ, ಮೂರು ಸಲ ತೊಳೆದು, ಪ್ರತಿ ಸಲ ಲ್ಯಾನ್ಸಿನಿಂದಲೂ ನೀರು ಬಿಡಬೇಕು. ಆದರೂ ಕಸದ ಎಣ್ಣಿಗೆ ಬೇರೆ ಪಂಪು ಇಟ್ಟುಕೊಳ್ಳುವುದೇ ಒಳ್ಳೆಯದು.

ನಾಝಲ್ ಸವೆದಿದೆಯೇ? ಅಳತೆ ಜಗ್ಗಿನಲ್ಲಿ ಒಂದು ನಿಮಿಷ ಹಿಡಿಯಿರಿ. ಟೊಳ್ಳು ಕೋನ್ 1.76 ಲೀಟರ್ ದಾಟಿದರೆ ಬದಲಿಸಿ.

ಸ್ಲೈಡ್ 9: ಬದಲಾಗದ್ದು

- ಟ್ಯಾಂಕ್ 16 ಲೀಟರೇ. ತುಂಬಿದರೆ ಬೆನ್ನ ಮೇಲೆ 21 ಕೆಜಿ ದಾಟುತ್ತದೆ. "ಹಗುರ" ಎಂದು ಹೊಗಳಬೇಡಿ, ಒಂದು ಕೆಜಿ ಕಡಿಮೆ ಎನ್ನಿ.
- ಹಳ್ಳದ ರಾಡಿ ನೀರು ಹಾಕಿದರೆ ಜರಡಿ ಈಗಲೂ ಕಟ್ಟುತ್ತದೆ. ಬಟ್ಟೆಯಲ್ಲಿ ಸೋಸಿಯೇ ಹಾಕಬೇಕು.
- ನೀರಿಲ್ಲದೆ ಓಡಿಸಿದರೆ ಡಯಾಫ್ರಾಮ್ ಹಾಳಾಗುತ್ತದೆ.

ಸ್ಲೈಡ್ 10: ₹1,250 ಹೆಚ್ಚು ಏಕೆ?

ಹಳೆ ಬ್ಯಾಟರಿ ಬದಲಿಸಲು ₹950. ಚೆನ್ನಾಗಿ ನೋಡಿಕೊಂಡರೆ ಎರಡು ಹಂಗಾಮು, ಇಲ್ಲದಿದ್ದರೆ ಒಂದೇ. ಎರಡು ಸಲ ಬದಲಿಸಿದರೆ ₹1,900, ಅಷ್ಟರಲ್ಲಿ ಹೆಚ್ಚಿನ ಹಣ ಮುಟ್ಟಿತು. ಲೆಕ್ಕವನ್ನು ಕಾಗದದ ಮೇಲೆ ರೈತನ ಎದುರಿಗೇ ಬರೆಯಿರಿ.

ಸಬ್ಸಿಡಿ ಬಗ್ಗೆ ನೀವು ಮಾತು ಕೊಡಬೇಡಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಲು ಹೇಳಿ. ಮನೆಯಂಗಳದ ತರಕಾರಿಗೆ ಮಾತ್ರ ಬೇಕೆನ್ನುವವರಿಗೆ ಹಳೆಯದೇ ಸಾಕು. ದಾಸ್ತಾನು ಇರುವವರೆಗೆ ಅದನ್ನೇ ಕೊಡಿ.

ಸ್ಲೈಡ್ 11: ಅಂಗಡಿ ಮುಂದೆ ತೋರಿಸುವ ಕ್ರಮ

1. ಎರಡೂ ಪಂಪಿಗೆ ಬರೀ ನೀರು. ಇವುಗಳಲ್ಲಿ ಎಂದೂ ಎಣ್ಣಿ ಹಾಕಿರಬಾರದು.
2. ಎರಡರಲ್ಲೂ ಮೊದಲೇ 10 ಟ್ಯಾಂಕ್ ಓಡಿಸಿದ ಬ್ಯಾಟರಿ ಇರಲಿ. ಪೂರ್ತಿ ಚಾರ್ಜಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ.
3. ಎರಡಕ್ಕೂ ಒಂದೇ ಟೊಳ್ಳು ಕೋನ್ ನಾಝಲ್, ಹೊಸದರ ಗುಬ್ಬಿ ಪೂರ್ತಿ.
4. ಒಂದು ನಿಮಿಷ ಎರಡು ಜಗ್ಗಿನಲ್ಲಿ ಹಿಡಿಯಿರಿ. ಜಗ್ಗನ್ನು ರೈತನ ಕೈಗೇ ಕೊಡಿ, ಅಳತೆ ಅವರೇ ಓದಲಿ.