ಮೂರನೇ ಭರಣಿ

ಪುಣೆಯಿಂದ ಬಂದ ಫೋಟೋವನ್ನು ವಸಂತಣ್ಣ ದೊಡ್ಡದು ಮಾಡಿ ನೋಡಿದರು. ರಟ್ಟಿನ ಪೆಟ್ಟಿಗೆಯ ಅಡಿಭಾಗ ಕೆಂಪಗೆ ನೆನೆದು ಬಾಯಿ ಬಿಟ್ಟಿತ್ತು. ಗಾಜಿನ ಬಾಟಲಿ ಒಡೆದಿರಲಿಲ್ಲ. ಮುಚ್ಚಳವೂ ಇತ್ತು. ರಸ ಮಾತ್ರ ಅರ್ಧ ಇಳಿದಿತ್ತು. ಕೆಳಗೆ ಒಂದೇ ಸಾಲು: "ರುಚಿ ನಮ್ಮ ಅಜ್ಜಿ ಮನೆಯದ್ದೇ, ಆದರೆ ಇದನ್ನು ತಿನ್ನಲು ಧೈರ್ಯ ಬರಲಿಲ್ಲ."

ಹಣ ವಾಪಸ್ ಕಳುಹಿಸಿದರು. ಆದರೂ ಆ ಸಾಲು ಮನಸ್ಸಿನಿಂದ ಹೋಗಲಿಲ್ಲ.

ಪೆರ್ಲದಲ್ಲಿ ಅವರದ್ದು ಅಪ್ಪನ ಕಾಲದ ಜಿನಸಿನ ಅಂಗಡಿ. ಐವತ್ತು ದಾಟಿದ ಮೇಲೆ ಆನ್‌ಲೈನ್ ವ್ಯಾಪಾರಕ್ಕೆ ಇಳಿದದ್ದು ಮಗಳು ಶ್ರುತಿಯ ಒತ್ತಾಯಕ್ಕೆ. ಮಾರಾಟಕ್ಕೆ ಇಟ್ಟದ್ದು ಪಾರ್ವತಿ ಅತ್ತೆಯ ಮಾವಿನ ಮಿಡಿ ಮತ್ತು ಕರಂಡೆ ಉಪ್ಪಿನಕಾಯಿ. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ. ಉಪ್ಪಿನಲ್ಲಿ ಚಿರುಟಿದ ಮಿಡಿ, ಅದೇ ಉಪ್ಪುನೀರಿನಲ್ಲಿ ಅರೆದ ಸಾಸಿವೆ, ಮೆಣಸು, ಅರಶಿನ. ಮನೆಯ ಭರಣಿಯಲ್ಲಿ ಕದಲದೆ ಕೂತರೆ ವರ್ಷಗಟ್ಟಲೆ ಕೆಡದು. ಲಾರಿಯಲ್ಲಿ ಪುಣೆಯವರೆಗೆ ಕುಲುಕುತ್ತಾ ಹೋಗುವುದು ಬೇರೆಯೇ ಸಂಗತಿ, ಅಲ್ವಾ?

ಆ ಶನಿವಾರ ಅಂಗಡಿ ಮುಚ್ಚಿದ ಮೇಲೆ ಬಾಟಲಿಗಳಿಗೆ ಬರೀ ಉಪ್ಪುನೀರು ತುಂಬಿದರು. ಮುಚ್ಚಳ ಬಿಗಿದು, ಹಳೆಯ ಪೇಪರಿನ ಮೇಲೆ ತಲೆಕೆಳಗೆ ಇಟ್ಟರು. ಬೆಳಿಗ್ಗೆ ನೋಡಿದರೆ ಹೆಚ್ಚಿನವುಗಳ ಸುತ್ತ ಒದ್ದೆ ಉಂಗುರ.

ಕಾಸರಗೋಡಿನ ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿದ್ದ ಹುಡುಗ ಬಾಟಲಿಯ ಬಾಯಿ ನೋಡಿದವನೇ ಹೇಳಿದ. "ಅಣ್ಣ, ಕುಲುಕಿದ ಹಾಗೆ ಮುಚ್ಚಳ ಸಡಿಲ ಆಗ್ತದೆ. ಒಳಗೆ ಫಾಯಿಲ್ ಸೀಲ್ ಬೇಕು. ತಗಡಿನ ಮುಚ್ಚಳವೂ ಬೇಡ, ಉಪ್ಪು, ಹುಳಿ ಎರಡೂ ಅದನ್ನು ತಿಂತದೆ."

ಪ್ಲಾಸ್ಟಿಕ್ ಜಾರು, ಫಾಯಿಲ್ ಇದ್ದ ಮುಚ್ಚಳ, ಕೈಯಲ್ಲಿ ಹಿಡಿಯುವ ಸೀಲಿಂಗ್ ಮೆಷಿನು ಮನೆಗೆ ಬಂದವು. ಆದರೂ ಕೆಲವು ಸೀಲು ಉಗುರು ತಾಗಿಸಿದರೆ ಎದ್ದು ಬರುತ್ತಿತ್ತು. ಹೆಂಡತಿ ಶಾರದಾ ಒಂದನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಒಂದು ಸಾಸಿವೆ ಸಿಪ್ಪೆ, ಅದರ ಪಕ್ಕ ಒಂದು ಹನಿ ರಸ. ಅಷ್ಟು ಸಾಕು, ಅಲ್ಲಿ ಫಾಯಿಲ್ ಅಂಟುವುದಿಲ್ಲ. ಅಂದಿನಿಂದ ಅಗಲ ಬಾಯಿಯ ಆಲಿಕೆ ಇಟ್ಟು ತುಂಬಿದರು. ಮೇಲೆ ಒಂದು ಬೆರಳು ಜಾಗ ಬಿಟ್ಟರು. ಒಣ ಬಟ್ಟೆಯಿಂದ ಅಂಚು ಒರೆಸುವ ಕೆಲಸವನ್ನು ಶಾರದಾ ಬೇರೆ ಯಾರಿಗೂ ಬಿಡಲಿಲ್ಲ.

ಪೆಟ್ಟಿಗೆಯದ್ದು ಇನ್ನೊಂದು ಲೆಕ್ಕ. ಭದ್ರವಾಗಲಿ ಅಂತ ದೊಡ್ಡ ಪೆಟ್ಟಿಗೆ ತಂದಿದ್ದರು. ಕೊರಿಯರಿನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರು. ಬಾಡಿಗೆ ಆ ಲೆಕ್ಕದ ತೂಕಕ್ಕೆ; 25, 20, 20ರ ಪೆಟ್ಟಿಗೆ ಎರಡು ಕಿಲೋ ಆಯಿತು. ಒಳಗೆ ಇದ್ದದ್ದು ಅರ್ಧ ಕಿಲೋ ಉಪ್ಪಿನಕಾಯಿ! ಜಾರಿಗೆ ಸರಿಯಾಗಿ ಕೂರುವ ಗಟ್ಟಿ ರಟ್ಟಿನ ಸಣ್ಣ ಪೆಟ್ಟಿಗೆ ಮಾಡಿಸಿದರು. ಅದನ್ನು ಮೇಜಿನ ಮೇಲಿಂದ ಮೂಲೆ ಕೆಳಗಾಗಿ ಬೀಳಿಸಿ ನೋಡಿದ ಮೇಲೆಯೇ ಸಮಾಧಾನ.

ಏಪ್ರಿಲಿನಲ್ಲಿ ಹೊಸ ಮಿಡಿಗೆ ಆರ್ಡರುಗಳು ಒಟ್ಟಿಗೆ ಬಂದವು. ವಸಂತಣ್ಣ ಜಾರುಗಳನ್ನು ಹಿಡಿದುಕೊಂಡು ಪಾರ್ವತಿ ಅತ್ತೆಯ ಮನೆಗೆ ಹೋದರು. ಅತ್ತೆ ಭರಣಿಯ ಬಟ್ಟೆ ಬಿಚ್ಚಿದರು. ರಸದ ಮೇಲೆ ಸಣ್ಣ ಸಣ್ಣ ಗುಳ್ಳೆ.

"ಇದು ಈಗ ಆಗ್ಲಿಕ್ಕಿಲ್ಲ ಮಾರಾಯ. ಇನ್ನೂ ಉಬ್ಬುತ್ತಾ ಉಂಟು."

"ಅತ್ತೆ, ಜನ ಕೇಳ್ತಾ ಇದ್ದಾರೆ."

"ನೀನು ಗಾಳಿ ಹೋಗದ ಹಾಗೆ ಬಾಯಿ ಕಟ್ಟಿದರೆ ಒಳಗಿನ ಗಾಳಿ ಎಲ್ಲಿಗೆ ಹೋಗಬೇಕು?"

ಮೆಷಿನು ತಂದಾಗಿನಿಂದ ಅವರು ಹೊರಗೆ ಸೋರುವುದನ್ನೇ ಯೋಚಿಸಿದ್ದರು. ಒಳಗಿನಿಂದ ದೂಡುವ ಗಾಳಿಯ ಬಗ್ಗೆ ಅತ್ತೆಗೆ ಮೊದಲೇ ಗೊತ್ತಿತ್ತು. ವಸಂತಣ್ಣ ಆ ದಿನವೇ ಎಲ್ಲರಿಗೂ ಬರೆದರು: ಉಪ್ಪಿನಕಾಯಿ ಇನ್ನೂ ಹದಕ್ಕೆ ಬಂದಿಲ್ಲ, ಕಾಯಲು ಆಗದವರಿಗೆ ಹಣ ವಾಪಸ್. ಕೆಲವರು ಹಣ ತೆಗೆದುಕೊಂಡರು. ಹೆಚ್ಚಿನವರು ಕಾದರು.

ಕಾಯುವ ದಿನಗಳಲ್ಲಿ ಲೇಬಲ್ ತಯಾರಾಯಿತು. ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿ, ಹಸಿರು ಚುಕ್ಕೆ, ತೂಕ, ಬೆಲೆ, ತಯಾರಿಸಿದ ದಿನ, ಜಾಸ್ತಿ ಇರುವುದರಿಂದ ಕಡಿಮೆಯದ್ದರವರೆಗೆ ಸಾಮಾನಿನ ಪಟ್ಟಿ. ಬ್ಯಾಚ್ ನಂಬರ್ ಏನು ಕೊಡುವುದು ಅಂತ ಶ್ರುತಿ ಫೋನಿನಲ್ಲಿ ಕೇಳಿದಾಗ, "ಭರಣಿಯ ನಂಬರೇ ಹಾಕು, ಯಾವುದರದ್ದು ಅಂತ ನನಗೂ ಗೊತ್ತಾಗ್ತದೆ" ಅಂದರು ಅತ್ತೆ. ಪಾ-1, ಪಾ-2, ಹೀಗೆ.

ಜೂನಿನ ಮಳೆಗೆ ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಕವರೂ ಬಂತು. ಪುಣೆಯವರಿಗೆ ಕೇಳದೆಯೇ ಒಂದು ಜಾರು ಹೋಯಿತು. ಎರಡು ವಾರದ ಮೇಲೆ ಅವರಿಂದ ಹೊಸ ಆರ್ಡರು: "ನಾಲ್ಕು ಜಾರು. ಪಾ-3 ಇದ್ದರೆ ಅದೇ ಕಳುಹಿಸಿ."

ವಸಂತಣ್ಣ ಫೋನು ಹಿಡಿದುಕೊಂಡೇ ಅತ್ತೆಯ ಅಂಗಳಕ್ಕೆ ಓಡಿದರು.

"ಮೂರನೇದು ಮುಗಿಯಿತು," ಅಂದರು ಅತ್ತೆ. "ಐದನೇದರಲ್ಲಿ ಅದೇ ಮರದ ಮಿಡಿ ಉಂಟು. ಅದನ್ನು ತುಂಬಿಸು. ಹಾಗಂತ ಅವರಿಗೆ ಬರೆ."