ಮೇ ತಿಂಗಳ ಬಜೆಟ್ ಮತ್ತು ವಾಸ್ತವ: ಖಾನಾವಳಿಯ ಪರಿಶೀಲನೆ

ಸಾಹುಕಾರರೇ,

ಮಾರಾಟ ರೂ. 4,50,000 ಆಗಬೇಕಿತ್ತು, 4,12,000 ಆಗಿದೆ. ಕೊರತೆ 38,000. ಕಲಬುರಗಿಯ ಮೇ ಬಿಸಿಲಿನಲ್ಲಿ ಮಧ್ಯಾಹ್ನದ ಗಿರಾಕಿ ಕಡಿಮೆಯಾಗುವುದು ಹೊಸದಲ್ಲ. ಬಜೆಟ್ಟೇ ತುಸು ಆಸೆಬುರುಕವಾಗಿತ್ತು. ಮುಂದಿನ ಬೇಸಿಗೆಗೆ ಗುರಿಯನ್ನು ಇಳಿಸೋಣ.

ನನ್ನ ಚಿಂತೆ ದಿನಸಿ, ತರಕಾರಿಯದು. ಬಜೆಟ್ 1,57,500, ಖರ್ಚು 1,64,800. ಬರೀ 7,300 ಹೆಚ್ಚು ಎಂದು ಸಮಾಧಾನಪಡಬೇಡಿ. ಮಾರಾಟದ ಶೇ. 35 ನಮ್ಮ ಲೆಕ್ಕ. ಆದ ಮಾರಾಟಕ್ಕೆ 1,44,200 ಸಾಕಿತ್ತು. ನಿಜವಾದ ಅಂತರ 20,600. ಬಿಲ್ಲುಗಳ ಪ್ರಕಾರ ಇದರಲ್ಲಿ ಬೆಲೆ ಏರಿಕೆಯ ಪಾಲು 8,000. ಉಳಿದ 12,600 ಅಡುಗೆಮನೆಯಲ್ಲೇ ಸೋರಿದೆ: ಗಿರಾಕಿ ಇಳಿದರೂ ರೊಟ್ಟಿ, ಎಣ್ಣೆಗಾಯಿ ಮೊದಲಿನಷ್ಟೇ ಆಗುತ್ತಿವೆ, ಕೆಲಸಗಾರರ ಊಟ ಎಲ್ಲಿಯೂ ಬರೆದಿಲ್ಲ.

ರೊಟ್ಟಿಯನ್ನು ಎರಡು ಸರದಿಯಲ್ಲಿ ಮಾಡಿಸಿ; ಎರಡನೆಯದನ್ನು ಒಂದೂವರೆ ಗಂಟೆಯ ಜನ ನೋಡಿ ಶುರು ಮಾಡಿ. ರಾತ್ರಿ ಉಳಿದದ್ದನ್ನೂ ಕೆಲಸಗಾರರ ಊಟವನ್ನೂ ವಹಿಯಲ್ಲಿ ಬರೆಸಿ. ಊಟದ ದರವನ್ನು ಈಗಲೇ ಏರಿಸಬೇಡಿ, ಸೋರಿಕೆಯ ದಂಡವನ್ನು ಗಿರಾಕಿ ಏಕೆ ಕಟ್ಟಬೇಕು?

ವಿದ್ಯುತ್ 5,200 ಹೆಚ್ಚಾಗಿದೆ, ಕೂಲರ್‌ಗಳಿಂದ. ಬಿಡಿ. ಸಂಬಳ ಬಜೆಟ್‌ನಂತೆಯೇ ಇದೆ.

ಜೂನ್ 15ಕ್ಕೆ ವಹಿಯೊಂದಿಗೆ ಮತ್ತೆ ಕೂರೋಣ.

— ನಿಮ್ಮ ಲೆಕ್ಕಿಗ